ಎರಡು ಕ್ಷೇತ್ರಕ್ಕೆ ನಾಮಪತ್ರ, ಒಂದರಿಂದ ಮಾತ್ರ ವಾಪಸ್: ಪತ್ರ ಹೇಗೆ ಬರೆಯೋದು?

ಕೆರೆಕೋಡಿ · ಭಾನುವಾರ ಸಂಜೆ 6:10

ನಮ್ಮೂರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿಗೆ ಮುಂದಿನ ಭಾನುವಾರ ಚುನಾವಣೆ. ಒಟ್ಟು 12 ಸ್ಥಾನ. ಇವತ್ತು ಪರಿಶೀಲನೆ ಮುಗಿಯಿತು, ವಾಪಸ್ ಪಡೆಯೋಕೆ ನಾಳೆ ಸೋಮವಾರ ಮಧ್ಯಾಹ್ನ 3 ಗಂಟೆವರೆಗೆ ಸಮಯ.

ನಮ್ಮ ಅತ್ತಿಗೆ ಎರಡು ಕಡೆ ಹಾಕಿದ್ದಾರೆ. ಸಾಲಗಾರರ ಕ್ಷೇತ್ರದ ಸಾಮಾನ್ಯ ಸ್ಥಾನಕ್ಕೆ ಎರಡು ಸೆಟ್ (ಕ್ರಮ ಸಂಖ್ಯೆ 6 ಮತ್ತು 7), ಮಹಿಳಾ ಮೀಸಲಿಗೆ ಒಂದು (ಕ್ರಮ ಸಂಖ್ಯೆ 11). ಮೂರೂ ಕ್ರಮಬದ್ಧ ಆಗಿವೆ. ಸಾಮಾನ್ಯದಲ್ಲಿ 5 ಸ್ಥಾನಕ್ಕೆ ಅತ್ತಿಗೆ ಸೇರಿ 6 ಜನ, ಮಹಿಳೆಯಲ್ಲಿ 2 ಸ್ಥಾನಕ್ಕೆ ಅತ್ತಿಗೆ ಸೇರಿ 3 ಜನ. ಊರವರ ಮಾತುಕತೆಯಲ್ಲಿ ಆಗಿರೋದು ಇಷ್ಟು: ಅತ್ತಿಗೆ ಸಾಮಾನ್ಯ ಬಿಡಬೇಕು, ಮಹಿಳೆಯಲ್ಲಿ ಇನ್ನೊಬ್ಬರು ಬಿಡಬೇಕು, ಎರಡೂ ಕಡೆ ಅವಿರೋಧ ಆಗಬೇಕು.

ನಮ್ಮ ತಂಡದ ಮುಖಂಡರು ಟೈಪ್ ಮಾಡಿಸಿದ ಪತ್ರ ತಂದಿದ್ದಾರೆ. ಅದರಲ್ಲಿ ಹೀಗಿದೆ:

"ನಾನು ಸದರಿ ಸಂಘದ ಚುನಾವಣೆಗೆ ಸಲ್ಲಿಸಿರುವ ನಾಮಪತ್ರವನ್ನು, ಗ್ರಾಮದ ಹಿರಿಯರ ಒತ್ತಾಯದ ಮೇರೆಗೆ, ಮಹಿಳಾ ಸ್ಥಾನದಿಂದ ನನ್ನನ್ನು ಅವಿರೋಧವಾಗಿ ಆಯ್ಕೆ ಮಾಡುವ ಷರತ್ತಿಗೊಳಪಟ್ಟು ಹಿಂಪಡೆಯುತ್ತೇನೆ."

ದಿನಾಂಕದ ಜಾಗ ಖಾಲಿ ಇದೆ. ಸಹಿ ಹಾಕಿ ಕೊಟ್ಟುಬಿಡಿ, ನಾವೇ ತಲುಪಿಸ್ತೀವಿ ಅಂತಾರೆ. ಇದು ಸರಿ ಇದೆಯಾ?

---

ಗದ್ದೆಬದು · 6:25

ಪತ್ರ ಪರವಾಗಿಲ್ಲ, ಆದರೆ ಬಿಳಿ ಹಾಳೆ ನಡೆಯಲ್ಲ. ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿ. ಆಮೇಲೆ "ನಾನು ಕೊಟ್ಟೇ ಇಲ್ಲ" ಅಂತ ಹೇಳೋ ಹಾಗಿರಲ್ಲ. ಮತ್ತೆ ಅಭ್ಯರ್ಥಿ ಖುದ್ದು ಹೋಗಬೇಕಾಗುತ್ತೆ, ಅದು ನೆನಪಿರಲಿ.

---

ಹಳೇ ದಫ್ತರ · 6:52

ಸಹಿ ಹಾಕಬೇಡಿ. ಆ ಒಂದು ಪತ್ರದಲ್ಲಿ ನಾಲ್ಕು ತೊಂದರೆಗಳಿವೆ. ಒಂದಂತೂ ನಿಮ್ಮ ಅತ್ತಿಗೆಯವರನ್ನು ಎರಡೂ ಕಡೆಯಿಂದ ಹೊರಗೆ ಹಾಕುವಂಥದ್ದು.

ಮೊದಲು ಅದನ್ನೇ ನೋಡೋಣ. "ಸದರಿ ಸಂಘದ ಚುನಾವಣೆಗೆ ಸಲ್ಲಿಸಿರುವ ನಾಮಪತ್ರವನ್ನು" ಎಂದಿದೆ. ಯಾವ ಕ್ಷೇತ್ರ ಅಂತ ಎಲ್ಲೂ ಇಲ್ಲ, ಕ್ರಮ ಸಂಖ್ಯೆಯೂ ಇಲ್ಲ. ಚುನಾವಣಾಧಿಕಾರಿ ಮುಂದೆ ಅವರ ಮೂರು ನಾಮಪತ್ರ ಇವೆ. ಪತ್ರದಲ್ಲಿ ಹೆಸರಿರುವ ಒಂದೇ ಸ್ಥಾನ ಮಹಿಳಾ ಸ್ಥಾನ. ಆತುರದಲ್ಲಿ ಓದಿದವರು "ಈ ಅಭ್ಯರ್ಥಿ ಕಣದಿಂದಲೇ ಹಿಂದೆ ಸರಿದಿದ್ದಾರೆ" ಎಂದು ಓದಬಹುದು, ಅಥವಾ ಮಹಿಳಾ ಸ್ಥಾನದಿಂದ ವಾಪಸ್ ಎಂದು ಓದಬಹುದು. ಮೊದಲಿನ ಹಾಗೆ ಓದಿದರೆ ನೀವೇ ಕೊಟ್ಟ ಲೆಕ್ಕ ಹಾಕಿ: ಸಾಮಾನ್ಯದಲ್ಲಿ 6 ಹೋಗಿ 5, ಮಹಿಳೆಯಲ್ಲಿ 3 ಹೋಗಿ 2. ಎರಡೂ ಕಡೆ ಅವಿರೋಧ ಘೋಷಣೆ, ನಿಮ್ಮ ಅತ್ತಿಗೆಯವರು ಎರಡರಲ್ಲೂ ಇಲ್ಲ. ಆ ಇನ್ನೊಬ್ಬ ಮಹಿಳೆ ಏನೂ ಬಿಟ್ಟುಕೊಡಬೇಕಾದ್ದೇ ಇಲ್ಲ.

ಎರಡನೆಯದು ಷರತ್ತು. ವಾಪಸಾತಿ ನೋಟಿಸ್‌ಗೆ ಷರತ್ತು ಹಾಕಿದರೆ ಅಧಿಕಾರಿಗೆ ಎರಡೇ ದಾರಿ. ಷರತ್ತನ್ನು ಕಡೆಗಣಿಸಿ ವಾಪಸಾತಿ ಮಾತ್ರ ಹಿಡಿಯಬಹುದು, ಇಲ್ಲವೇ "ಇದು ಸ್ಪಷ್ಟ ನೋಟಿಸ್ ಅಲ್ಲ" ಎಂದು ಪಕ್ಕಕ್ಕಿಡಬಹುದು. ಷರತ್ತು ಈಡೇರಿತೇ ಎಂದು ಕಾದು ನೋಡುವ ಕೆಲಸ ಅವರದ್ದಲ್ಲ. ಅವಿರೋಧ ಆಯ್ಕೆ ಎನ್ನುವುದು ಯಾರೂ ಮಾಡಿಕೊಡುವುದೂ ಅಲ್ಲ, ಸಮಯ ಮುಗಿದಾಗ ಉಳಿದ ಹೆಸರು ಸ್ಥಾನಕ್ಕಿಂತ ಹೆಚ್ಚಿಲ್ಲದಿದ್ದರೆ ತಾನಾಗಿ ಆಗುವುದು.

ಮೂರನೆಯದು "ಹಿರಿಯರ ಒತ್ತಾಯದ ಮೇರೆಗೆ". ಇದು ಬರೆದವರಿಗೆ ವಿನಯದ ಮಾತು. ಆದರೆ ಓದುವ ಅಧಿಕಾರಿಗೆ ಇದು ಬಲವಂತದ ಹೇಳಿಕೆ. ಸ್ವಂತ ಇಚ್ಛೆಯಿಂದ ಕೊಟ್ಟದ್ದಲ್ಲ ಎಂದು ಪತ್ರವೇ ಹೇಳಿದರೆ ಅದನ್ನು ಹೇಗೆ ಒಪ್ಪುವುದು? ಒಪ್ಪಿದರೂ ನಾಳೆ ತಕರಾರು ಎತ್ತುವವರಿಗೆ ಅದೇ ದಾಖಲೆ. ಕಾರಣ ಬರೆಯಲೇಬೇಕೆಂದು ಯಾರೂ ಕೇಳುವುದಿಲ್ಲ. ಬರೆಯದಿರುವುದೇ ಒಳ್ಳೆಯದು.

ನಾಲ್ಕನೆಯದು ಖಾಲಿ ದಿನಾಂಕ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಗದ್ದೆಬದು ಅವರೇ, ಬಾಂಡ್ ಪೇಪರ್, ನೋಟರಿ ಯಾವುದೂ ಬೇಡ. ಬೇಕಾಗಿರುವುದು ಲಿಖಿತ ನೋಟಿಸ್, ಅಭ್ಯರ್ಥಿಯ ಸಹಿ, ಸಮಯದೊಳಗೆ ಅಧಿಕಾರಿಯ ಕೈ ಸೇರುವುದು. ಖುದ್ದು ಹೋಗಬೇಕು ಎಂದಿದ್ದು ಮಾತ್ರ ಸರಿಯಾದ ಸಲಹೆ, ಅದಕ್ಕೆ ಕಾರಣ ನೋಟರಿಗಿಂತ ಬೇರೆ.

---

ಕೆರೆಕೋಡಿ · 7:05

ಅಯ್ಯೋ, ಆ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ. ಹಾಗಾದರೆ ಪತ್ರ ಹೇಗಿರಬೇಕು? ಎರಡು ಸೆಟ್‌ಗೆ ಎರಡು ಪತ್ರ ಬೇಕಾ?

---

ಬಯಲುಸೀಮಿ · 7:14

ನಂದೂ ಒಂದು ಐತ್ರೀ, ಇಲ್ಲೇ ಕೇಳತೀನಿ. ನಾ ಹಾಲಿನ ಸೊಸೈಟಿ ನಿರ್ದೇಶಕ ಅದೀನಿ, ಆರಿಸಿ ಬಂದು ಎರಡ ವರ್ಷ ಆತು. ಈಗ ಬ್ಯಾಡ ಅನಸೇತಿ. ಇದ ನಮೂನಿ ಪತ್ರ ಚುನಾವಣಾಧಿಕಾರಿಗೆ ಬರದ ಕೊಟ್ರ ನಡೀತೈತೇನ್ರೀ?

---

ಹಳೇ ದಫ್ತರ · 7:31

ಬಯಲುಸೀಮಿ ಅವರೇ, ನಿಮ್ಮದು ರಾಜೀನಾಮೆ. ಚುನಾವಣಾಧಿಕಾರಿಯ ಕೆಲಸ ಫಲಿತಾಂಶದ ಜೊತೆಗೇ ಮುಗಿದಿದೆ, ಅವರಿಗೆ ಬರೆದರೆ ಪತ್ರ ಎಲ್ಲೋ ಕಡತದಲ್ಲಿ ಬಿದ್ದಿರುತ್ತದೆ. ನಿಮ್ಮ ಸಂಘದ ಬೈಲಾದಲ್ಲಿ ನಿರ್ದೇಶಕರ ರಾಜೀನಾಮೆ ಯಾರಿಗೆ ಕೊಡಬೇಕು, ಯಾವಾಗ ಜಾರಿಗೆ ಬರುತ್ತದೆ ಎಂದಿರುತ್ತದೆ, ಅದರಂತೆ ಕೊಡಿ. ಬೇರೆ ಎಳೆ ತೆರೆದರೆ ಅಲ್ಲಿ ಮಾತಾಡೋಣ.

ಕೆರೆಕೋಡಿ ಅವರೇ, ಎರಡು ಪತ್ರ ಬೇಡ. ಒಂದೇ ಸ್ಥಾನಕ್ಕೆ ಎರಡು ಸೆಟ್ ಹಾಕುವುದು ಒಂದು ತಿರಸ್ಕೃತವಾದರೆ ಇನ್ನೊಂದು ಉಳಿಯಲಿ ಎಂದು. ಸೆಟ್ ಎಷ್ಟಿದ್ದರೂ ಅಭ್ಯರ್ಥಿ ಒಬ್ಬರೇ. ಅದಕ್ಕೇ "ನಾಮಪತ್ರ ವಾಪಸ್" ಎಂದಷ್ಟೇ ಬರೆಯದೆ "ಆ ಸ್ಥಾನದ ಉಮೇದುವಾರಿಕೆಯನ್ನು ಹಿಂಪಡೆಯುತ್ತೇನೆ" ಎಂದು ಬರೆಯಿರಿ, ಎರಡೂ ಕ್ರಮ ಸಂಖ್ಯೆ ನಮೂದಿಸಿ. 6 ಮಾತ್ರ ಬರೆದರೆ "7 ಇನ್ನೂ ಇದೆಯಲ್ಲ, ಅಂದರೆ ಕಣದಲ್ಲಿದ್ದಾರೆ" ಎಂದು ಯಾರಾದರೂ ಎಳೆಯಬಹುದು.

ಕೊನೆಯಲ್ಲಿ ಉಳಿಸಿಕೊಳ್ಳುವ ಸ್ಥಾನವನ್ನೂ ಹೇಳಿಬಿಡಿ. ನಿಯಮ ಅದನ್ನು ಕೇಳುವುದಿಲ್ಲ. ಆದರೂ ನಿಮ್ಮ ಸಂದರ್ಭದಲ್ಲಿ ಈ ಒಂದು ವಾಕ್ಯವೇ ಕಾವಲು. ನಾನಾದರೆ ಹೀಗೆ ಬರೆಯುತ್ತೇನೆ:

> ಗೆ,
> ಚುನಾವಣಾಧಿಕಾರಿಗಳು,
> ……… ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ನಿಯಮಿತ, ………
>
> ವಿಷಯ: ಸಾಲಗಾರರ ಕ್ಷೇತ್ರದ ಸಾಮಾನ್ಯ ಸ್ಥಾನದ ಉಮೇದುವಾರಿಕೆಯನ್ನು ಹಿಂಪಡೆಯುವ ಬಗ್ಗೆ.
>
> ಮಾನ್ಯರೇ,
> ಮೇಲ್ಕಂಡ ಸಂಘದ ಆಡಳಿತ ಮಂಡಳಿಗೆ ದಿನಾಂಕ ……… ರಂದು ನಡೆಯಲಿರುವ ಚುನಾವಣೆಯಲ್ಲಿ, ಸಾಲಗಾರರ ಕ್ಷೇತ್ರದ ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಕ್ರಮ ಸಂಖ್ಯೆ 6 ಮತ್ತು 7 ರ ಮೂಲಕ ಸಲ್ಲಿಸಿರುವ ನನ್ನ ಉಮೇದುವಾರಿಕೆಯನ್ನು ಸ್ವಇಚ್ಛೆಯಿಂದ ಈ ಮೂಲಕ ಹಿಂಪಡೆಯುತ್ತೇನೆ.
>
> ಮಹಿಳಾ ಮೀಸಲು ಸ್ಥಾನಕ್ಕೆ ನಾಮಪತ್ರ ಕ್ರಮ ಸಂಖ್ಯೆ 11 ರ ಮೂಲಕ ಸಲ್ಲಿಸಿರುವ ನನ್ನ ಉಮೇದುವಾರಿಕೆಯನ್ನು ಹಿಂಪಡೆದಿರುವುದಿಲ್ಲ.
>
> ಸ್ಥಳ: ………  ದಿನಾಂಕ: ………
> ಅಭ್ಯರ್ಥಿಯ ಸಹಿ, ಪೂರ್ಣ ಹೆಸರು, ತಂದೆ ಅಥವಾ ಗಂಡನ ಹೆಸರು, ಮತದಾರರ ಪಟ್ಟಿಯ ಕ್ರಮ ಸಂಖ್ಯೆ

ಹೆಸರು ನಾಮಪತ್ರದಲ್ಲಿ ಇದ್ದಂತೆಯೇ ಇರಲಿ. ಒಂದೇ ಹೆಸರಿನವರು ಊರಲ್ಲಿ ಇಬ್ಬರು ಮೂವರು ಇರುವುದು ಹೊಸದೇನಲ್ಲ. ಗಂಡನ ಹೆಸರು, ಮತದಾರರ ಪಟ್ಟಿಯ ಸಂಖ್ಯೆ ಇದ್ದರೆ ಗೊಂದಲವಿಲ್ಲ. ಸಹಿಯೂ ಅಷ್ಟೇ. ನಾಮಪತ್ರದಲ್ಲಿ ಕನ್ನಡದಲ್ಲಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ ಮಾಡಲಿ.

---

ಅಡಿಕೆಗೊನೆ · 7:48

"ಹಿಂಪಡೆದಿರುವುದಿಲ್ಲ" ಅಂತ ಬರೆಯೋದು ನನಗೆ ಅಷ್ಟು ಹಿಡಿಸಲಿಲ್ಲ. ವಾಪಸಾತಿ ಪತ್ರದಲ್ಲಿ ವಾಪಸ್ ತೆಗೆಯದ ವಿಷಯ ಯಾಕೆ? ಓದುವವರ ಕಣ್ಣಿಗೆ 11 ಅನ್ನೋ ಸಂಖ್ಯೆ ಬೀಳುತ್ತೆ, ಪಟ್ಟಿ ಮಾಡುವ ಗುಮಾಸ್ತರು 6, 7, 11 ಮೂರನ್ನೂ ಗೀಟು ಹೊಡೆದರೆ? ಆ ವಾಕ್ಯ ತೆಗೆದು, ಮೇಲಿನ ಪ್ಯಾರಾದಲ್ಲಿ "ಸದರಿ ಸ್ಥಾನಕ್ಕೆ ಮಾತ್ರ ಸೀಮಿತವಾಗಿ" ಅಂತ ಸೇರಿಸಿದರೆ ಸಾಕು.

ಇನ್ನೊಂದು, ಎಷ್ಟೋ ಕಡೆ ಚುನಾವಣಾಧಿಕಾರಿ ಹತ್ತಿರವೇ ಅಚ್ಚಾದ ನಮೂನೆ ಇರುತ್ತೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅದು ನಮೂನೆ 5. ಸೊಸೈಟಿಗೆ ಅದೇ ಮಾದರಿಯಲ್ಲಿ ಒಂದು ಜೆರಾಕ್ಸ್ ಇಟ್ಟಿರ್ತಾರೆ. ಅದನ್ನೇ ತುಂಬಿ ಅಂದರೆ ಜಗಳ ಮಾಡಬೇಡಿ. ಆದರೆ ಆ ನಮೂನೆಯಲ್ಲಿ ಕ್ಷೇತ್ರದ ಜಾಗ ಸಣ್ಣದಿರುತ್ತೆ. ಅಲ್ಲಿ ಬರೀ "ಸಾಮಾನ್ಯ" ಅಂತ ಬರೀಬೇಡಿ, "ಸಾಲಗಾರರ ಕ್ಷೇತ್ರ – ಸಾಮಾನ್ಯ" ಅಂತ ಪೂರ್ತಿ ಬರೀರಿ. ಸಾಲಗಾರರಲ್ಲದ ಕ್ಷೇತ್ರದಲ್ಲೂ ಒಂದು ಸ್ಥಾನ ಇರುತ್ತಲ್ಲ.

---

ಹಳೇ ದಫ್ತರ · 8:02

ಕ್ಷೇತ್ರದ ಹೆಸರು ವೇಳಾಪಟ್ಟಿಯಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ ಬರೆಯಬೇಕು, ಒಪ್ಪಿದೆ.

ಆದರೆ "ಮಾತ್ರ ಸೀಮಿತವಾಗಿ" ಬಗ್ಗೆ ನನ್ನ ಅಭಿಪ್ರಾಯ ಬೇರೆ. 11 ಎನ್ನುವುದು ಕಣ್ಣಿಗೆ ಬೀಳಬೇಕು ಎಂದೇ ಬರೆಯುವುದು. ಎರಡು ಪ್ಯಾರಾ ನಡುವೆ ಒಂದು ಸಾಲು ಬಿಟ್ಟರೆ ಗೀಟಿನ ಭಯ ಬೇಡ. ಅಚ್ಚಾದ ನಮೂನೆ ಕೊಟ್ಟರೆ ಆ ವಾಕ್ಯಕ್ಕೆ ಜಾಗವೇ ಇರುವುದಿಲ್ಲ, ಆಗ ನೀವು ಹೇಳಿದ್ದನ್ನೇ ಬರೆಯಲಿ. ಯಾವುದಾದರೂ ಒಂದು ಇರಲಿ.

ಈಗ ಆ ಖಾಲಿ ದಿನಾಂಕದ ವಿಷಯ. ತಂಡ ಕಟ್ಟುವವರು ನಾಮಪತ್ರದ ದಿನವೇ ಎಲ್ಲರಿಂದ ಸಹಿ ಮಾಡಿಸಿದ ವಾಪಸಾತಿ ಪತ್ರ ಜೇಬಿಗೆ ಹಾಕಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕೊನೆಯ ಗಳಿಗೆಯಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ತೆಗೆಯಬೇಕು ಎನ್ನುವುದು ಅವರ ಕೈಯಲ್ಲಿರಲಿ ಎಂದು. ಈ ಪತ್ರ ಒಮ್ಮೆ ಅಧಿಕಾರಿಯ ಕೈ ಸೇರಿದರೆ ರದ್ದು ಮಾಡಲು ಬರುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆ 1951 ರ ಕಲಂ 37 ರಲ್ಲಿ ಇದು ನೇರವಾಗಿದೆ: ಹಿಂಪಡೆಯುವ ನೋಟಿಸ್ ಕೊಟ್ಟವರು ಅದನ್ನು ರದ್ದುಪಡಿಸುವಂತಿಲ್ಲ. ಆ ಕಾಯ್ದೆ ಸೊಸೈಟಿ ಚುನಾವಣೆಗೆ ಅನ್ವಯಿಸುವುದಿಲ್ಲ, ನಮ್ಮದು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959 ಮತ್ತು 1960 ರ ನಿಯಮಗಳು. ಆದರೆ ಅಧಿಕಾರಿಗಳು ನಡೆಯುವುದು ಇದೇ ಜಾಡಿನಲ್ಲಿ. ನಾಳೆ 2 ಗಂಟೆಗೆ ಕೊಟ್ಟು 2:30 ಕ್ಕೆ "ಮನಸ್ಸು ಬದಲಾಯಿತು, ವಾಪಸ್ ಕೊಡಿ" ಎಂದರೆ ಕೊಡುವುದಿಲ್ಲ, 3 ಗಂಟೆ ಇನ್ನೂ ಆಗಿಲ್ಲ ಎಂದು ವಾದಿಸಿದರೂ ಕೊಡುವುದಿಲ್ಲ.

ಹಾಗಾಗಿ ಸಹಿ ಮಾಡಿದ ಹಾಳೆ ಯಾರ ಕೈಗೂ ಹೋಗಬಾರದು. ಈಗಾಗಲೇ ಬೇರೆ ಯಾವುದಾದರೂ ಹಾಳೆಗೆ ಸಹಿ ಮಾಡಿಸಿಕೊಂಡಿದ್ದಾರಾ, ಅತ್ತಿಗೆಯವರನ್ನು ಕೇಳಿ.

---

ಕೆರೆಕೋಡಿ · 8:20

ಕೇಳಿದೆ. ನಾಮಪತ್ರದ ದಿನ "ಇದೂ ಒಂದು ಫಾರಂ" ಅಂತ ಒಂದು ಬಿಳಿ ಹಾಳೆಗೆ ಸಹಿ ಮಾಡಿಸಿಕೊಂಡಿದ್ದಾರಂತೆ! ಏನು ಅಂತ ಓದಿಲ್ಲ. ಈಗ ಏನು ಮಾಡೋದು?

---

ಹಳೇ ದಫ್ತರ · 8:41

ಗಾಬರಿ ಬೇಡ. ನಾಳೆ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಅತ್ತಿಗೆಯವರು ಖುದ್ದು ಹೋಗಿ ಚುನಾವಣಾಧಿಕಾರಿಗೆ ಇನ್ನೊಂದು ಚಿಕ್ಕ ಪತ್ರ ಕೊಡಲಿ. "ನನ್ನ ಉಮೇದುವಾರಿಕೆ ಹಿಂಪಡೆಯುವ ಯಾವುದೇ ಪತ್ರವನ್ನು ನಾನು ಖುದ್ದಾಗಿ ಮಾತ್ರ ಸಲ್ಲಿಸುತ್ತೇನೆ. ನನ್ನ ಪರವಾಗಿ ಸಲ್ಲಿಸಲು ಸೂಚಕರಿಗಾಗಲಿ ಬೇರೆ ಯಾರಿಗಾಗಲಿ ಅಧಿಕಾರ ಕೊಟ್ಟಿರುವುದಿಲ್ಲ." ಇಷ್ಟೇ. ಎರಡು ಪ್ರತಿ, ಒಂದರ ಮೇಲೆ ಸ್ವೀಕೃತಿ ಸಹಿ, ಸಮಯ, ಮೊಹರು.

ಬೇರೆಯವರು ತಂದ ಪತ್ರವನ್ನು ನಿಜವಾಗಿಯೂ ಅಭ್ಯರ್ಥಿಯದೇ ಎಂದು ಮನವರಿಕೆ ಮಾಡಿಕೊಳ್ಳುವುದು ಅಧಿಕಾರಿಯ ಹೊಣೆ. ಈ ಪತ್ರ ಅವರ ಮೇಜಿನ ಮೇಲಿದ್ದರೆ, ತಂಡದವರು ಹಳೇ ಹಾಳೆ ತಂದಾಗ ಅವರು ಅತ್ತಿಗೆಯವರನ್ನು ಕರೆಸದೆ ತೆಗೆದುಕೊಳ್ಳುವುದು ಕಷ್ಟ. ಈ ಪತ್ರ ಕೊಡುವಾಗಲೇ, ಮನಸ್ಸು ಗಟ್ಟಿಯಿದ್ದರೆ, ಸಾಮಾನ್ಯ ಸ್ಥಾನದ ವಾಪಸಾತಿಯನ್ನೂ ಕೊಟ್ಟುಬಿಡಬಹುದು.

---

ಅಡಿಕೆಗೊನೆ · 8:55

ಬೆಳಿಗ್ಗೆಯೇ ಕೊಟ್ಟುಬಿಡಿ ಅನ್ನೋದಕ್ಕೆ ನನ್ನ ತಕರಾರಿದೆ. ಆ ಇನ್ನೊಬ್ಬ ಮಹಿಳೆ ಬಿಡ್ತೀನಿ ಅಂದು ಬಿಡದೇ ಹೋದರೆ? ಇವರ ಕೈಯಲ್ಲಿ ಇರೋದು ಸಾಮಾನ್ಯ ಸ್ಥಾನ ಒಂದೇ ಹಿಡಿತ. ಅದನ್ನು ಮೊದಲು ಕೊಟ್ಟರೆ ಎದುರಿನವರು ಮಾತು ಉಳಿಸಿಕೊಳ್ಳಬೇಕಾದ ಕಾರಣವೇ ಇಲ್ಲ. ಷರತ್ತು ಪತ್ರದಲ್ಲಿ ಹಾಕೋಕೆ ಬರಲ್ಲ ಅಂದಮೇಲೆ ಅದನ್ನು ಸಮಯದಲ್ಲಿ ಹಾಕಬೇಕು. ಇಬ್ಬರೂ 2 ಗಂಟೆಗೆ ಕಚೇರಿಗೆ ಬರಲಿ, ಒಂದೇ ಕೋಣೆಯಲ್ಲಿ ಕೂತು, ಒಬ್ಬರಾದ ಮೇಲೆ ಒಬ್ಬರು ಕೊಡಲಿ. ಯಾರು ಮೊದಲು ಅನ್ನೋದು ಮಾತ್ರ ಮೊದಲೇ ತೀರ್ಮಾನ ಆಗಿರಬೇಕು.

---

ಹಳೇ ದಫ್ತರ · 9:03

ಅದು ರಾಜಕೀಯದ ಲೆಕ್ಕ, ಅದರಲ್ಲಿ ನೀವೇ ಜಾಣರು. ನನ್ನ ಕಡೆಯಿಂದ ಒಂದೇ ಎಚ್ಚರಿಕೆ: 2 ಗಂಟೆ ಎಂದರೆ 2 ಗಂಟೆ. ಕೊನೆಯ ಹತ್ತು ನಿಮಿಷಕ್ಕೆ ಬಿಟ್ಟರೆ, ಕ್ರಮ ಸಂಖ್ಯೆ ತಪ್ಪಿದೆ ಎಂದು ಗೊತ್ತಾದಾಗ ತಿದ್ದಲು ಸಮಯವಿರುವುದಿಲ್ಲ.

---

ಗದ್ದೆಬದು · 9:10

ಬಾಂಡ್ ಪೇಪರ್ ಬೇಡ ಅಂದ್ರಿ, ಸರಿ. ಹಾಗಾದ್ರೆ ಪತ್ರವನ್ನು ಸಹಿ ಸಮೇತ ಫೋಟೋ ತೆಗೆದು ಅಧಿಕಾರಿಗೆ ವಾಟ್ಸ್‌ಆ್ಯಪ್ ಮಾಡಿದರೆ? ದಾಖಲೆಯೂ ಇರುತ್ತೆ, ಸಮಯವೂ ಬರುತ್ತೆ. ಇನ್ನು ಠೇವಣಿ ಹಣ ವಾಪಸ್ ಬರುತ್ತಾ?

---

ಹಳೇ ದಫ್ತರ · 9:22

ವಾಟ್ಸ್‌ಆ್ಯಪ್ ಬೇಡವೇ ಬೇಡ. ಮೂಲ ಸಹಿಯಿರುವ ಹಾಳೆ ಕೈಗೆ ಸೇರಬೇಕು. ಫೋಟೋ ಬಂತು, ಹಾಳೆ ಬರಲಿಲ್ಲ ಎಂದಾದರೆ ವಾಪಸಾತಿ ಆಯಿತೋ ಇಲ್ಲವೋ ಎಂದು ಮತಪತ್ರ ಅಚ್ಚಾಗುವವರೆಗೂ ಗಲಾಟೆ.

ಹಣದ ಬಗ್ಗೆ ರಸೀದಿ ನೋಡಿ. ಶುಲ್ಕ ಎಂದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು, ಠೇವಣಿ ಎಂದಿದ್ದರೆ ಸಂಘಕ್ಕೆ ಬೇರೆ ಅರ್ಜಿ ಕೊಟ್ಟು ಕೇಳಿ. ವಾಪಸಾತಿ ಪತ್ರದಲ್ಲೇ "ನನ್ನ ಠೇವಣಿ ಹಿಂದಿರುಗಿಸಬೇಕಾಗಿ ವಿನಂತಿ" ಎಂದು ಸೇರಿಸಬೇಡಿ. ಆ ಹಾಳೆಯಲ್ಲಿ ಒಂದೇ ವಿಷಯ ಇರಲಿ.

---

ಕೆರೆಕೋಡಿ · ಸೋಮವಾರ ಸಂಜೆ 5:30

ಆಗಿದ್ದನ್ನು ಹೇಳ್ತೀನಿ, ಒಂದು ಪ್ರಶ್ನೆಯೂ ಇದೆ.

ಬೆಳಿಗ್ಗೆ "ಖುದ್ದಾಗಿ ಮಾತ್ರ" ಪತ್ರ ಕೊಟ್ಟೆವು, ಸ್ವೀಕೃತಿ ಸಿಕ್ಕಿತು. ಸಾಮಾನ್ಯ ಸ್ಥಾನದ ವಾಪಸಾತಿ ಮಧ್ಯಾಹ್ನ 2:10 ಕ್ಕೆ. ಅಲ್ಲಿ ಅಚ್ಚಾದ ನಮೂನೆಯನ್ನೇ ಕೊಟ್ಟರು. ಕ್ಷೇತ್ರ ಪೂರ್ತಿ ಬರೆದು, 6 ಮತ್ತು 7 ಹಾಕಿ, "ಸದರಿ ಸ್ಥಾನಕ್ಕೆ ಮಾತ್ರ ಸೀಮಿತವಾಗಿ" ಅಂತ ಸೇರಿಸಿದೆವು. ಅಧಿಕಾರಿ "ಮಹಿಳೆಯಲ್ಲಿ ಇರ್ತೀರಾ ಅಮ್ಮಾ?" ಅಂತ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ಮಾತಿನ ಪ್ರಕಾರ ಆ ಇನ್ನೊಬ್ಬರೂ 2 ಗಂಟೆಗೆ ಬರಬೇಕಿತ್ತು. ಬರಲಿಲ್ಲ. 2:40 ಕ್ಕೆ ಅವರ ಯಜಮಾನರು ಸಹಿ ಮಾಡಿದ ಪತ್ರ ತಂದರು. ಅವರು ಸೂಚಕರೂ ಅಲ್ಲ, ಅಧಿಕಾರ ಪತ್ರವೂ ಇರಲಿಲ್ಲ. ಅಧಿಕಾರಿ ಅಭ್ಯರ್ಥಿಯನ್ನೇ ಕರೆತನ್ನಿ ಅಂದರು. ಅವರು ಬಂದಾಗ 3 ಗಂಟೆ 5 ನಿಮಿಷ. ತೆಗೆದುಕೊಳ್ಳಲಿಲ್ಲ. ಈಗ ನೋಟಿಸ್ ಬೋರ್ಡಿನಲ್ಲಿ ಸಾಮಾನ್ಯಕ್ಕೆ 5 ಹೆಸರು, ಮಹಿಳೆಗೆ 3 ಹೆಸರು ಚಿಹ್ನೆ ಸಮೇತ. ಅವರು ನಿಜವಾಗಿಯೂ ಬಿಡೋಕೆ ಒಪ್ಪಿದ್ದರು. ಪತ್ರ 2:40 ಕ್ಕೇ ಬಂದಿತ್ತಲ್ಲ, ಅದು ಲೆಕ್ಕಕ್ಕೆ ಬರಲ್ವಾ?

---

ಅಡಿಕೆಗೊನೆ · 5:46

ಬರಬೇಕಿತ್ತು ಅನ್ನೋದು ನನ್ನ ಮಾತು. ಸಹಿ ಅವರದೇ, ಸಮಯದೊಳಗೆ ಕಚೇರಿಗೆ ಬಂದಿದೆ, ಆಮೇಲೆ ಅವರೇ ಬಂದು ಹೌದು ಅಂದಿದ್ದಾರೆ. ಅಧಿಕಾರಿ 2:40 ಕ್ಕೆ ಪತ್ರ ಇಟ್ಟುಕೊಂಡು ಷರಾ ಬರೆದು, ಆಮೇಲೆ ಅಭ್ಯರ್ಥಿಯಿಂದ ಖಾತ್ರಿ ಮಾಡಿಕೊಳ್ಳಬಹುದಿತ್ತು. ಪತ್ರ ಬೇರೆ, ಖಾತ್ರಿ ಬೇರೆ.

---

ಹಳೇ ದಫ್ತರ · 6:04

ನನಗೆ ಹಾಗನ್ನಿಸುವುದಿಲ್ಲ. ಅಧಿಕಾರವಿಲ್ಲದವರು ತಂದ ಹಾಳೆ ಸಲ್ಲಿಕೆಯೇ ಆಗುವುದಿಲ್ಲ. ಇಲ್ಲದಿದ್ದರೆ ನಿನ್ನೆ ನಾವು ಹೆದರಿದ್ದ ಆ ಬಿಳಿ ಹಾಳೆಯನ್ನೂ ತಂಡದವರು ಹೀಗೇ ತಂದು ಕೊಡಬಹುದಿತ್ತು. ನಿಮ್ಮನ್ನು ಕಾಪಾಡಿದ ಕಟ್ಟುನಿಟ್ಟೇ ಅವರಿಗೆ ಅಡ್ಡ ಬಂದಿದೆ. ಆದರೂ ಪತ್ರವನ್ನು 2:40 ಕ್ಕೆ ತಂದಿದ್ದು, ಯಾಕೆ ತೆಗೆದುಕೊಳ್ಳಲಿಲ್ಲ ಎನ್ನುವುದನ್ನು ಅಧಿಕಾರಿ ಬರಹದಲ್ಲಿ ದಾಖಲಿಸಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಅವರು ಬೇಕಾದರೆ ಇವತ್ತೇ ಲಿಖಿತ ಮನವಿ ಕೊಟ್ಟು ಹಿಂಬರಹ ಕೇಳಲಿ. ಚುನಾವಣೆ ನಡುವೆ ನ್ಯಾಯಾಲಯ ಕೈ ಹಾಕುವುದು ಅಪರೂಪ. ಫಲಿತಾಂಶದ ನಂತರ ಸಹಕಾರ ಸಂಘಗಳ ಅಧಿನಿಯಮದ ಕಲಂ 70 ರ ಕೆಳಗೆ ವಿವಾದ ಹೂಡುವ ದಾರಿಯಿದೆ.

---

ಗದ್ದೆಬದು · 6:15

ಅಷ್ಟೆಲ್ಲ ಯಾಕೆ, "ನಾನು ಕಣದಿಂದ ಹಿಂದೆ ಸರಿದಿದ್ದೇನೆ" ಅಂತ ಕರಪತ್ರ ಹಂಚಿದರೆ ಆಯ್ತಲ್ಲ. ಓಟು ಯಾರೂ ಹಾಕಲ್ಲ.

---

ಹಳೇ ದಫ್ತರ · 6:33

ಹಂಚಬಹುದು. ಆದರೆ ಮತಪತ್ರದಲ್ಲಿ ಹೆಸರು, ಚಿಹ್ನೆ ಹಾಗೇ ಇರುತ್ತವೆ, ಬಿದ್ದ ಮತ ಎಣಿಸುತ್ತಾರೆ. ಮಹಿಳಾ ಸ್ಥಾನಕ್ಕೆ ಒಬ್ಬ ಮತದಾರ ಇಬ್ಬರಿಗೆ ಮತ ಹಾಕಬಹುದು. ಮೂರು ಹೆಸರಲ್ಲಿ ಎರಡಕ್ಕೆ ಒತ್ತುವಾಗ ಕರಪತ್ರ ನೋಡದವರು, ನೋಡಿಯೂ ಪರಿಚಯದ ಮೇಲೆ ಒತ್ತುವವರು ಇದ್ದೇ ಇರುತ್ತಾರೆ. ಅವರು ಗೆದ್ದರೂ ಗೆಲ್ಲಬಹುದು. ಗೆದ್ದರೆ ನಿರ್ದೇಶಕರು ಅವರೇ. ಬೇಡವೆಂದರೆ ರಾಜೀನಾಮೆ ಕೊಡಬೇಕು, ಆಗ ಸ್ಥಾನ ಖಾಲಿಯಾಗುತ್ತದೆಯೇ ಹೊರತು ಮೂರನೆಯವರಿಗೆ ತಾನಾಗಿ ಬರುವುದಿಲ್ಲ.

ಕೆರೆಕೋಡಿ ಅವರೇ, ಕರಪತ್ರ ಹಂಚಲಿ ಬಿಡಲಿ, ನಿಮ್ಮ ಅತ್ತಿಗೆಯವರು ಅವಿರೋಧ ಎಂದು ಮನೆಯಲ್ಲಿ ಕೂರುವ ಹಾಗಿಲ್ಲ. ನಾಳೆಯಿಂದ ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗಲಿ. ಅಲ್ಲಿ ಅವರು ಹೇಳಬೇಕಾದ್ದು ತಮ್ಮ ಚಿಹ್ನೆಯನ್ನು ಮಾತ್ರ, ಅವರು ಸಾಮಾನ್ಯದಿಂದ ಹಿಂದೆ ಸರಿದ ಸುದ್ದಿ "ಚುನಾವಣೆಯಿಂದಲೇ ಸರಿದರಂತೆ" ಎಂದು ಊರಲ್ಲಿ ತಿರುಗುವ ಮೊದಲು.

---

ಬಯಲುಸೀಮಿ · 6:40

ಬೈಲಾ ತಗದ ನೋಡಿದ್ನಿರೀ. ರಾಜೀನಾಮೆ ಅಧ್ಯಕ್ಷರಿಗೆ ಕೊಡಬೇಕಂತ ಐತಿ. ಅಧ್ಯಕ್ಷರ ರಜಾ ಹಾಕಿ ಕುಂತಾರ. ಹೊಸ ಎಳಿ ತೆರೀತೀನಿ, ಎಲ್ಲಾರೂ ಬರ್ರಿ.